ಟಚ್ ಸ್ವಿಚ್‌ನ ಹದ: ಗಾಜಿನ ಹಿಂದಿನ ಕೆಲಸ

ಟಚ್ ಸ್ವಿಚ್ಚುಗಳ ಬಗ್ಗೆ ಕೇಳಿಬರುವ ದೂರು ಹೆಚ್ಚಾಗಿ ಎರಡೇ. ಒಂದು, ಗಟ್ಟಿಯಾಗಿ ಒತ್ತಿದರೂ ದೀಪ ಹತ್ತುವುದಿಲ್ಲ. ಇನ್ನೊಂದು, ಯಾರೂ ಮುಟ್ಟದೆ ರಾತ್ರಿ ತಾನಾಗಿಯೇ ಹತ್ತಿಕೊಳ್ಳುತ್ತದೆ. ಎರಡಕ್ಕೂ ಸಿಗುವ ಸಲಹೆ ಒಂದೇ: ‘ಸೆನ್ಸಿಟಿವಿಟಿ ಅಡ್ಜಸ್ಟ್ ಮಾಡಿಸಿ’. ಸೂಕ್ಷ್ಮತೆ ಹೆಚ್ಚಿಸಿದರೆ ಮೊದಲ ದೂರು ಹೋಗಿ ಎರಡನೆಯದು ಬರುತ್ತದೆ. ತಗ್ಗಿಸಿದರೆ ಎರಡನೆಯದು ಹೋಗಿ ಮೊದಲನೆಯದು ಮರಳುತ್ತದೆ. ಈ ಓಲಾಟದಿಂದ ಹೊರಬರಬೇಕಾದರೆ ಗಾಜಿನ ಹಿಂದೆ ಏನು ನಡೆಯುತ್ತದೆ ಎಂದು ತಿಳಿದಿರಬೇಕು. ಅದು ತಿಳಿದರೆ ಕೃಷ್ಣರಾಜಪೇಟೆಯಲ್ಲೋ ನಾಗಮಂಗಲದಲ್ಲೋ ಮನೆಯ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್, ಐಟಿಐ ಅಥವಾ ಡಿಪ್ಲೊಮಾ ಓದಿದ ಹುಡುಗ ಹುಡುಗಿಯರು ಇಂಥ ಫಲಕವನ್ನು ತಾವೇ ಕಟ್ಟಿ ಹದಕ್ಕೆ ತರಬಹುದು.

ಇಲ್ಲಿ ಒಂದೇ ಫಲಕವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದು ಹಳ್ಳಿಯ ಮನೆಯೊಂದರ ಅಡುಗೆಮನೆಯ ಗೋಡೆಗೆ ಬರುವ ಫಲಕ. 5 ಮಿ.ಮೀ. ದಪ್ಪದ ಗಾಜು, ಅದರ ಹಿಂದೆ ಮೂರು ಟಚ್ ಬಟನ್: ಒಂದು ದೀಪಕ್ಕೆ, ಒಂದು ಫ್ಯಾನಿಗೆ, ಒಂದು ಹೊಗೆ ಎಳೆಯುವ ಎಕ್ಸಾಸ್ಟ್‌ಗೆ. ಅಡುಗೆಮನೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮುದ್ದೆ ತೊಳಸಿದ ಒದ್ದೆ ಕೈ, ಹಬೆ, ಎಣ್ಣೆ ಜಿಡ್ಡು, ಒರೆಸುವ ಬಟ್ಟೆ ಎಲ್ಲವೂ ಅಲ್ಲಿವೆ. ಅಲ್ಲಿ ಸರಿಯಾಗಿ ನಡೆದ ಫಲಕ ನಡುಮನೆಯಲ್ಲಿ ತೊಂದರೆ ಕೊಡುವುದಿಲ್ಲ.

ಬೆರಳು ಕೂಡಿಸುವ ಒಂದು ಚೂರು

ಗಾಜಿನ ಹಿಂದೆ ಅಂಟಿಸಿದ ತಾಮ್ರದ ಬಿಲ್ಲೆ ಒಂದು ಪ್ಲೇಟು, ಗಾಜಿನ ಮುಂದೆ ಬಂದ ಬೆರಳು ಇನ್ನೊಂದು ಪ್ಲೇಟು. ನಡುವೆ ಗಾಜು. ಮೂರೂ ಸೇರಿ ಒಂದು ಪುಟ್ಟ ಕೆಪಾಸಿಟರ್ ಆಗುತ್ತವೆ. ಹೈಸ್ಕೂಲಿನಿಂದ ಪಿಯುಸಿಗೆ ಹೋದವರೆಲ್ಲ ಕಂಡಿರುವ ಸೂತ್ರವೇ ಇಲ್ಲಿಯೂ ನಡೆಯುತ್ತದೆ:

```
C = ε0 × εr × A / d
```

A ಎಂದರೆ ಬೆರಳ ತುದಿ ಗಾಜಿನ ಮೇಲೆ ಹರಡಿಕೊಳ್ಳುವ ವಿಸ್ತೀರ್ಣ, d ಎಂದರೆ ಗಾಜಿನ ದಪ್ಪ. εr ಎಂಬುದು ನಡುವಿನ ವಸ್ತುವಿನ ಗುಣ: ಗಾಳಿಗೆ 1, ಅಕ್ರಿಲಿಕ್ ಹಾಳೆಗೆ ಸುಮಾರು 3, ಕಿಟಕಿಗೆ ಬಳಸುವ ಸಾಮಾನ್ಯ ಗಾಜಿಗೆ ಸುಮಾರು 7. ಬೆರಳ ತುದಿಯನ್ನು 10 ಮಿ.ಮೀ. ಅಡ್ಡಳತೆಯ ವೃತ್ತ ಎಂದುಕೊಂಡು 5 ಮಿ.ಮೀ. ಗಾಜಿಗೆ ಲೆಕ್ಕ ಹಾಕಿದರೆ ಬರುವುದು ಸುಮಾರು 1 ಪಿಕೊಫ್ಯಾರಡ್. ಫ್ಯಾನಿನ ಕೆಪಾಸಿಟರ್ ಮೇಲೆ 2.5 ಮೈಕ್ರೊಫ್ಯಾರಡ್ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಬೆರಳು ಕೂಡಿಸುವುದು ಅದರ ಇಪ್ಪತ್ತೈದು ಲಕ್ಷದ ಒಂದು ಪಾಲು.

ಇಷ್ಟು ಚಿಕ್ಕದನ್ನು ಹಿಡಿಯುವುದೇನೂ ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಎಸ್ಟಾಬ್ಲಿಷ್‌ಮೆಂಟ್‌ನ ಇ. ಎ. ಜಾನ್ಸನ್ ಅವರು ಬೆರಳಿನ ಕೆಪಾಸಿಟನ್ಸ್‌ನಿಂದ ನಡೆಯುವ ಟಚ್ ಪರದೆಯ ಬಗ್ಗೆ 1965ರಲ್ಲೇ ಪ್ರಕಟಿಸಿದ್ದರು. ಆಗ ಅದಕ್ಕೆ ಸರ್ಕ್ಯೂಟಿನ ದೊಡ್ಡ ಸರಂಜಾಮು ಬೇಕಿತ್ತು. ಇಂದು ಕೆಲವೇ ರೂಪಾಯಿಯ ಚಿಪ್ ಆ ಕೆಲಸ ಮಾಡುತ್ತದೆ.

ಬೆರಳು ಬರುವ ಮೊದಲೂ ಆ ತಾಮ್ರದ ಬಿಲ್ಲೆ ಸುಮ್ಮನಿರುವುದಿಲ್ಲ. ಅದರ ವೈರು, ಪಕ್ಕದ ಬಿಲ್ಲೆಗಳು, ಹಿಂದಿನ ಲೋಹದ ಬಾಕ್ಸು, ಚಿಪ್ಪಿನ ಕಾಲು ಎಲ್ಲವೂ ಸೇರಿ ಹತ್ತರಿಂದ ಮೂವತ್ತು ಪಿಕೊಫ್ಯಾರಡ್ ಮೊದಲೇ ಇರುತ್ತದೆ. ಅದರ ಮೇಲೆ ಬೆರಳು ಒಂದನ್ನು ಕೂಡಿಸುತ್ತದೆ. ಚಿಪ್ ಮೊದಲಿದ್ದದ್ದನ್ನು ನೆನಪಿಟ್ಟುಕೊಂಡು ಹೆಚ್ಚಿದ್ದನ್ನು ಮಾತ್ರ ನೋಡುತ್ತದೆ. ಅಂಗಡಿಯವರು ಡಿಜಿಟಲ್ ತಕ್ಕಡಿಯ ಮೇಲೆ ಪಾತ್ರೆ ಇಟ್ಟು ಸೊನ್ನೆಗೆ ತಂದು, ಆಮೇಲೆ ಎಣ್ಣೆ ಸುರಿದು ತೂಗುವುದು ಹೀಗೆಯೇ. ಪಾತ್ರೆ ಭಾರವಾದಷ್ಟೂ, ಅಲುಗಾಡಿದಷ್ಟೂ ಒಳಗಿನ ಚಮಚ ಎಣ್ಣೆಯ ತೂಕ ತಿಳಿಯುವುದು ಕಷ್ಟ. ಆದ್ದರಿಂದ ಫಲಕ ಕಟ್ಟುವವರ ಕೆಲಸ ಮೂರು: ಮೊದಲಿದ್ದದ್ದನ್ನು ಕಡಿಮೆ ಮಾಡುವುದು, ಅದು ಅಲುಗದಂತೆ ನೋಡಿಕೊಳ್ಳುವುದು, ಬೆರಳು ಕೂಡಿಸುವುದನ್ನು ಹೆಚ್ಚು ಮಾಡುವುದು. ಸೂಕ್ಷ್ಮತೆಯ ಹೊಂದಾಣಿಕೆ ಇವಾದ ಮೇಲಿನ ಮಾತು.

ಗಾಜಿಗಿಂತ ಗಾಳಿಯೇ ದಪ್ಪ

ಗಾಜು ದಪ್ಪವಾದದ್ದರಿಂದ ಟಚ್ ಕೆಲಸ ಮಾಡುತ್ತಿಲ್ಲ ಎಂದು ಹಲವರು ತಿಳಿಯುತ್ತಾರೆ. ಎಷ್ಟೋ ಸಲ ತಪ್ಪು ಗಾಜಿನದಲ್ಲ, ಗಾಜಿಗೂ ಬಿಲ್ಲೆಗೂ ನಡುವೆ ಉಳಿದ ಗಾಳಿಯದು. ಗಾಳಿಯ ಗುಣ 1, ಗಾಜಿನದು 7. ಅಂದರೆ ಅರ್ಧ ಮಿ.ಮೀ. ಗಾಳಿ ಮೂರೂವರೆ ಮಿ.ಮೀ. ಗಾಜಿಗೆ ಸಮ. ನಮ್ಮ 5 ಮಿ.ಮೀ. ಗಾಜಿನ ಹಿಂದೆ ಅರ್ಧ ಮಿ.ಮೀ. ಸಂದು ಉಳಿದರೆ ಅದು ಎಂಟೂವರೆ ಮಿ.ಮೀ. ಗಾಜಿನಂತೆ ವರ್ತಿಸುತ್ತದೆ. ಬೆರಳು ಕೂಡಿಸುವ 1 ಪಿಕೊಫ್ಯಾರಡ್ ಸುಮಾರು 0.57ಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ ಸಂದು ಹತ್ತಿರಹತ್ತಿರ ಅರ್ಧವನ್ನು ನುಂಗಿತು.

ಸಂದಿನಿಂದ ಇನ್ನೂ ಒಂದು ಕೇಡಿದೆ. ಅದು ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಬೆರಳು ಒತ್ತಿದಾಗ ಗಾಜು ಕೂದಲೆಳೆಯಷ್ಟು ಒಳಬಾಗುತ್ತದೆ, ಸಂದು ಕಿರಿದಾಗುತ್ತದೆ. ಬೇಸಗೆಯಲ್ಲಿ ಟೇಪು ಸಡಿಲಗೊಂಡರೆ ಹಿಗ್ಗುತ್ತದೆ, ಮಳೆಗಾಲದಲ್ಲಿ ಅದರೊಳಗೆ ತೇವ ಸೇರುತ್ತದೆ. ಆದ್ದರಿಂದಲೇ ಹಾಕಿದಾಗ ಚೆನ್ನಾಗಿದ್ದ ಫಲಕ ಕೆಲವು ತಿಂಗಳ ಮೇಲೆ ಚಂಚಲವಾಗುವುದುಂಟು.

ಹಾಗಾಗಿ ಅಂಟಿಸುವ ಕೆಲಸಕ್ಕೆ ಸಮಯ ಕೊಡಬೇಕು. ಫೋಮ್ ಇರುವ ಡಬಲ್ ಸೈಡ್ ಟೇಪು ಇಲ್ಲಿಗೆ ಬೇಡ, ಆ ಫೋಮಿನ ತುಂಬ ಇರುವುದು ಗಾಳಿಯೇ. ಬೇಕಾದದ್ದು ಬರೀ ಅಂಟಿನ ಪದರವಿರುವ ತೆಳು ಅಕ್ರಿಲಿಕ್ ಟೇಪು. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ 3ಎಂ ಕಂಪನಿಯ 468 ಎಂಪಿ ಟೇಪಿನ ದಪ್ಪ 0.13 ಮಿ.ಮೀ. ಮಾತ್ರ. ಗಾಜಿನ ಹಿಂಬದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಒಂದು ಅಂಚಿನಿಂದ ಶುರುಮಾಡಿ ರೋಲರಿನಲ್ಲಿ ಒತ್ತುತ್ತ ಇನ್ನೊಂದು ಅಂಚಿಗೆ ಹೋಗಬೇಕು. ನಡುವಿನಿಂದ ಒತ್ತಿದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಗಾಜು ಪಾರದರ್ಶಕವಾಗಿದ್ದರೆ ಮುಂದಿನಿಂದ ನೋಡಿ. ಅಂಟು ಹಿಡಿದ ಜಾಗ ಕಪ್ಪಾಗಿ, ಗಾಳಿಯಿರುವ ಜಾಗ ಬೆಳ್ಳಗೆ ಹೊಳೆಯುತ್ತ ಕಾಣುತ್ತದೆ. ಬಣ್ಣ ಹೊಡೆದ ಗಾಜಾದರೆ ಕಣ್ಣಿಗೆ ಕಾಣದು. ಆಗ ಚಿಪ್ ಕೊಡುವ ರೀಡಿಂಗ್ ನೋಡುತ್ತ, ಹಿಂದಿನಿಂದ ಮರದ ಕಡ್ಡಿಯಲ್ಲಿ ಬಿಲ್ಲೆಯನ್ನು ಮೆಲ್ಲನೆ ಒತ್ತಿ. ಅಂಕಿ ಬದಲಾದರೆ ಅಲ್ಲಿ ಗಾಳಿಯಿದೆ ಎಂದು ಅರ್ಥ.

ಗಾಜಿನ ಬಣ್ಣದ ಬಗ್ಗೆಯೂ ಎಚ್ಚರವಿರಲಿ. ಸಾಮಾನ್ಯ ಬಣ್ಣದಿಂದ ತೊಂದರೆಯಿಲ್ಲ. ಲೋಹದ ಪುಡಿ ಬೆರೆತ ಮೆಟಾಲಿಕ್ ಬಣ್ಣ, ಕನ್ನಡಿಯ ಹಿಂದಿನ ಬೆಳ್ಳಿಯ ಲೇಪ ಇವು ವಿದ್ಯುತ್ ಕ್ಷೇತ್ರವನ್ನು ಅಲ್ಲೇ ತಡೆದುಬಿಡುತ್ತವೆ. ಬಚ್ಚಲುಮನೆಯ ಕನ್ನಡಿಗೆ ಟಚ್ ಬಟನ್ ಕೂರಿಸುವವರು ಬಿಲ್ಲೆಯ ಜಾಗದಲ್ಲಿ ಆ ಲೇಪವನ್ನು ಕೆರೆದು ತೆಗೆಯಲೇಬೇಕು. ಟಫನ್ ಮಾಡಿದ ಗಾಜು ಬೇಕಿದ್ದರೆ ಅಳತೆ, ಸ್ಕ್ರೂ ತೂತು ಎಲ್ಲವನ್ನೂ ಮೊದಲೇ ಹೇಳಿ ಮಾಡಿಸಿ. ಟಫನ್ ಆದ ಮೇಲೆ ಕತ್ತರಿಸಲು, ಕೊರೆಯಲು ಹೋದರೆ ಇಡೀ ಗಾಜು ಪುಡಿಯಾಗುತ್ತದೆ.

ಬಿಲ್ಲೆ, ವೈರು, ಬಾಕ್ಸು

ಬಿಲ್ಲೆಯ ಅಡ್ಡಳತೆ ಗಾಜಿನ ದಪ್ಪದ ನಾಲ್ಕರಷ್ಟಾದರೂ ಇರಲಿ ಎಂಬುದು ವಿನ್ಯಾಸಕಾರರ ರೂಢಿಯ ಲೆಕ್ಕ. 5 ಮಿ.ಮೀ. ಗಾಜಿಗೆ 20 ಮಿ.ಮೀ. ಬಿಲ್ಲೆ. ಬೆರಳು ಅಷ್ಟು ದೊಡ್ಡದಲ್ಲವಲ್ಲ ಎನಿಸಬಹುದು. ದಪ್ಪ ಗಾಜಿನಲ್ಲಿ ಕ್ಷೇತ್ರ ಅಕ್ಕಪಕ್ಕಕ್ಕೂ ಹರಡಿ ಬೆರಳನ್ನು ತಲುಪಬೇಕು, ಬೆರಳು ತುಸು ಆಚೀಚೆ ಬಿದ್ದರೂ ಕೆಲಸವಾಗಬೇಕು. ಒಂದು ಬಿಲ್ಲೆಗೂ ಇನ್ನೊಂದಕ್ಕೂ ನಡುವೆ 10 ಮಿ.ಮೀ.ಗಿಂತ ಹೆಚ್ಚು ಬಿಡಿ. ಪಿಸಿಬಿ ಮಾಡಿಸಿದರೆ ಉತ್ತಮ. ಒಂದೇ ಫಲಕಕ್ಕಾದರೆ ತಾಮ್ರದ ಟೇಪನ್ನು ದುಂಡಗೆ ಕತ್ತರಿಸಿ ಬೆಸುಗೆ ಹಾಕಿದರೂ ನಡೆಯುತ್ತದೆ.

ಮೂರು ಬಟನ್‌ಗಳನ್ನು ಅಡ್ಡಸಾಲಿನಲ್ಲಿ ಇಡಿ. ಮೇಲಿಂದ ಕೆಳಕ್ಕೆ ಸಾಲಿಟ್ಟರೆ ಗಾಜಿನ ಮೇಲೆ ಇಳಿಯುವ ಒಂದೇ ನೀರಿನ ಗೆರೆ ಮೂರನ್ನೂ ದಾಟಿಕೊಂಡು ಹೋಗುತ್ತದೆ.

ಬಿಲ್ಲೆಯಿಂದ ಚಿಪ್ಪಿಗೆ ಹೋಗುವ ವೈರು ತೆಳ್ಳಗೆ, ಗಿಡ್ಡಗೆ ಇರಲಿ. ಹತ್ತು ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ವೈರೂ ಬಿಲ್ಲೆಯ ಹಾಗೆಯೇ ಮುಟ್ಟುವಿಕೆಯನ್ನು ಗ್ರಹಿಸುತ್ತದೆ ಎಂಬುದನ್ನು ಮರೆಯಬಾರದು. ಅದು ಅಲುಗಿದರೆ ರೀಡಿಂಗೂ ಅಲುಗುತ್ತದೆ. ಮೂರು ವೈರನ್ನು ಹೆಣೆದು ಕಟ್ಟಬೇಡಿ, ಬೇರೆಬೇರೆಯಾಗಿ ಟೇಪಿನಿಂದ ಅಂಟಿಸಿ ನಿಲ್ಲಿಸಿ. ಶೀಲ್ಡ್ ಇರುವ ವೈರು ಹಾಕಿದರೆ ಸುರಕ್ಷಿತ ಎನಿಸುತ್ತದೆ, ಆದರೆ ಆ ಶೀಲ್ಡಿನದೇ ಕೆಪಾಸಿಟನ್ಸ್ ಸೇರಿ ಪಾತ್ರೆಯ ಭಾರ ಹೆಚ್ಚುತ್ತದೆ. 230 ವೋಲ್ಟಿನ ವೈರು ಈ ವೈರುಗಳ ಜೊತೆಗೆ ಸಮಾನಾಂತರವಾಗಿ ಓಡಬಾರದು. ದಾಟಲೇಬೇಕಾದರೆ ಲಂಬವಾಗಿ ದಾಟಿಸಿ.

ಗೋಡೆಯೊಳಗಿನ ಜಿಐ ಬಾಕ್ಸನ್ನೂ ಗಮನಿಸಿ. ಅದು ಅರ್ಥ್ ಆಗಿರುವ ಲೋಹ. ಬಿಲ್ಲೆಯ ಬೆನ್ನಿಗೆ ಅಂಟಿಕೊಂಡಂತಿದ್ದರೆ ಬೆರಳಿಗೆ ಹೋಗಬೇಕಾದ ಕ್ಷೇತ್ರದ ದೊಡ್ಡ ಪಾಲನ್ನು ಅದೇ ಸೆಳೆದುಕೊಳ್ಳುತ್ತದೆ. ಬಿಲ್ಲೆಯ ಹಿಂದೆ ಒಂದೆರಡು ಸೆಂ.ಮೀ. ಖಾಲಿ ಜಾಗ ಬಿಡಿ, ರಿಲೇ ಬೋರ್ಡನ್ನು ತಳಕ್ಕೆ ಕೂರಿಸಿ. ಹೊಸದಾಗಿ ಗೋಡೆ ಕೊರೆಯುವುದಾದರೆ ಪಿವಿಸಿ ಬಾಕ್ಸ್ ಆರಿಸಿಕೊಳ್ಳಿ.

230 ವೋಲ್ಟಿನ ಬದಿ

ಹಳೆಯ ಬೋರ್ಡಿನಲ್ಲಿ ದೀಪದ ಸ್ವಿಚ್ಚಿಗೆ ಬರುವುದು ಫೇಸು ಮಾತ್ರ, ನ್ಯೂಟ್ರಲ್ ನೇರವಾಗಿ ದೀಪಕ್ಕೆ ಹೋಗಿರುತ್ತದೆ. ಆದರೆ ಟಚ್ ಫಲಕದ ಚಿಪ್ಪು ದೀಪ ಆರಿದಾಗಲೂ ಎಚ್ಚರವಾಗಿರಬೇಕು, ಅದಕ್ಕೆ ನ್ಯೂಟ್ರಲ್ ಬೇಕೇ ಬೇಕು. ಬೋರ್ಡಿನಲ್ಲಿ ಒಂದು ಪ್ಲಗ್ ಸಾಕೆಟ್ ಇದ್ದರೆ ನ್ಯೂಟ್ರಲ್ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಎಳೆಸಬೇಕು. ಈ ಭಾಗದ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ದು: ಎಂಸಿಬಿ ಇಳಿಸಿ, ಟೆಸ್ಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಬೇಕು.

ಚಿಪ್ಪಿಗೆ 5 ವೋಲ್ಟ್ ಕೊಡಲು ಟ್ರಾನ್ಸ್‌ಫಾರ್ಮರ್ ಮೂಲಕ ಪ್ರತ್ಯೇಕಗೊಂಡ ಒಳ್ಳೆಯ ಎಸ್‌ಎಂಪಿಎಸ್ ಮಾಡ್ಯೂಲನ್ನೇ ಬಳಸಿ. ಒಂದು ಕೆಪಾಸಿಟರಿನಿಂದ ವೋಲ್ಟೇಜ್ ಇಳಿಸುವ ಅಗ್ಗದ ಸರ್ಕ್ಯೂಟಿನಲ್ಲಿ ತಾಮ್ರದ ಬಿಲ್ಲೆ ನೇರವಾಗಿ ಮೇನ್ಸ್‌ಗೆ ಕೂಡಿಕೊಂಡಿರುತ್ತದೆ. ಗಾಜು ಬಿರುಕು ಬಿಟ್ಟ ದಿನ ಬೆರಳಿಗೂ ಸಾವಿಗೂ ನಡುವೆ ಏನೂ ಉಳಿಯುವುದಿಲ್ಲ. ರಿಲೇ ಮೇಲೆ 10 ಆಂಪಿಯರ್ ಎಂದಿದ್ದರೂ ಅದರಿಂದ ದೀಪ, ಫ್ಯಾನ್, ಎಕ್ಸಾಸ್ಟ್ ಮಾತ್ರ ನಡೆಸಿ. ಗೀಸರ್, ಸಂಪಿನ ಮೋಟರ್ ಇದರ ಕೆಲಸವಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಒತ್ತುವ ಗುಂಡಿಯೇ ಸರಿ. ಮೋಟರ್ ನಿಲ್ಲಿಸಬೇಕಾದ ತುರ್ತಿನಲ್ಲಿ ಕೈಗೆ ಸಿಗಬೇಕಾದದ್ದು ಅದೇ.

ಅಂಕಿ ನೋಡಿ ಹದ ಮಾಡುವುದು

ಅಂಗಡಿಯಲ್ಲಿ ಸಿಗುವ ಅಗ್ಗದ ಟಚ್ ಮಾಡ್ಯೂಲುಗಳಲ್ಲಿ ಹೆಚ್ಚಾಗಿ ಇರುವುದು ಟಿಟಿಪಿ 223 ಎಂಬ ಚಿಪ್ಪು. ಅದರ ಸೂಕ್ಷ್ಮತೆಯನ್ನು ಬೋರ್ಡಿನ ಮೇಲೆಯೇ ಬದಲಿಸುವ ದಾರಿ ಒಂದೇ: ಬಿಲ್ಲೆಗೂ ಗ್ರೌಂಡಿಗೂ ನಡುವೆ 0ಯಿಂದ 50 ಪಿಕೊಫ್ಯಾರಡ್ ವರೆಗಿನ ಕೆಪಾಸಿಟರ್ ಕೂರಿಸುವುದು. ಕೆಪಾಸಿಟರ್ ದೊಡ್ಡದಾದಷ್ಟೂ ಸೂಕ್ಷ್ಮತೆ ಕಡಿಮೆ. ಅಂದರೆ ಇದರಿಂದ ಸೂಕ್ಷ್ಮತೆಯನ್ನು ತಗ್ಗಿಸಬಹುದೇ ಹೊರತು ಮೊದಲಿದ್ದದ್ದಕ್ಕಿಂತ ಏರಿಸಲಾಗದು. ಏರಿಸಬೇಕಾದರೆ ಬಿಲ್ಲೆ ದೊಡ್ಡದಾಗಬೇಕು, ಗಾಳಿ ಹೋಗಬೇಕು. ಈ ಚಿಪ್ಪು ಒಳಗಿನ ಅಂಕಿಯನ್ನು ಹೊರಗೆ ತೋರಿಸುವುದೂ ಇಲ್ಲ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ.

ಅಂಕಿ ಕಾಣಬೇಕಾದವರಿಗೆ ಇಎಸ್‌ಪಿ 32 ಬೋರ್ಡು ಒಳ್ಳೆಯದು. ಅದರ ಹತ್ತು ಕಾಲುಗಳಲ್ಲಿ ಟಚ್ ಅಳೆಯುವ ಸೌಲಭ್ಯ ಒಳಗೇ ಇದೆ. ನಮ್ಮ ಫಲಕಕ್ಕೆ 27, 32, 33ನೇ ಕಾಲುಗಳು ಸಾಕು. ಪ್ರತಿ ಬಿಲ್ಲೆಯ ವೈರಿಗೂ ಚಿಪ್ಪಿನ ಹತ್ತಿರವೇ 510 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ರೇಡಿಯೊ ತರಂಗಗಳ ತಂಟೆಯನ್ನೂ ಸ್ಥಿರ ವಿದ್ಯುತ್ತಿನ ಹೊಡೆತವನ್ನೂ ಅದು ತಗ್ಗಿಸುತ್ತದೆ. ಮೊದಲ ಪೀಳಿಗೆಯ ಇಎಸ್‌ಪಿ 32ರಲ್ಲಿ ಮುಟ್ಟಿದಾಗ ಅಂಕಿ ಇಳಿಯುತ್ತದೆ, ಎಸ್2 ಮತ್ತು ಎಸ್3 ಮಾದರಿಗಳಲ್ಲಿ ಏರುತ್ತದೆ. ಕೆಳಗಿನ ಲೆಕ್ಕ ಮೊದಲ ಪೀಳಿಗೆಯದು.

ಈಗ ಮುಖ್ಯ ಮಾತು. ಅಳತೆಯನ್ನು ಮೇಜಿನ ಮೇಲೆ ಮಾಡಬೇಡಿ. ಗಾಜು ಅಂಟಿಸಿ, ಫಲಕವನ್ನು ಗೋಡೆಯ ಬಾಕ್ಸಿಗೆ ಕೂರಿಸಿ, ಕೊನೆಗೆ ಯಾವ 5 ವೋಲ್ಟ್ ಮಾಡ್ಯೂಲಿನಿಂದ ನಡೆಯುವುದೋ ಅದರಿಂದಲೇ ಕರೆಂಟು ಕೊಟ್ಟು ಅಳೆಯಿರಿ. ಬೆರಳಿನಿಂದ ಹೋದದ್ದು ಮೈಯ ಮೂಲಕ ಭೂಮಿಗೆ, ಭೂಮಿಯಿಂದ ಸಪ್ಲೈಯ ಮೂಲಕ ಚಿಪ್ಪಿನ ಗ್ರೌಂಡಿಗೆ ಮರಳಿದರೆ ಸುತ್ತು ಪೂರ್ತಿಯಾಗುತ್ತದೆ. ಪವರ್ ಬ್ಯಾಂಕಿನಲ್ಲಿ ಅದು ಸಡಿಲ, ಚಾರ್ಜರಿಗೆ ಚುಚ್ಚಿದ ಲ್ಯಾಪ್‌ಟಾಪಿನಲ್ಲಿ ಬಿಗಿ. ಅಲ್ಲಿ ಹಿಡಿದ ಹದ ಗೋಡೆಗೆ ಹೊಂದುವುದಿಲ್ಲ. ಮೇಜಿನ ಮೇಲೆ ಸರಿಯಾಗಿದ್ದದ್ದು ಮನೆಯಲ್ಲಿ ಕೆಡುವುದಕ್ಕೆ ದೊಡ್ಡ ಕಾರಣ ಇದೇ. ರೀಡಿಂಗನ್ನು ವೈರಿಲ್ಲದೆ, ವೈಫೈ ಮೂಲಕ ಫೋನಿಗೆ ಕಳಿಸಿ ನೋಡುವುದೇ ಲೇಸು.

ನೋಡಬೇಕಾದ ಅಂಕಿ ಮೂರು. ಮುಟ್ಟದಿದ್ದಾಗ ಎಷ್ಟು, ಮುಟ್ಟಿದಾಗ ಎಷ್ಟು, ಎರಡೂ ಸ್ಥಿತಿಯಲ್ಲಿ ಅಂಕಿ ಎಷ್ಟು ಅಲುಗುತ್ತದೆ. ಮುಟ್ಟಿದಾಗಿನ ಅಂಕಿಗೆ ಮನೆಯಲ್ಲೇ ಚಿಕ್ಕ ಬೆರಳಿನವರನ್ನು ಕರೆಯಿರಿ, ಮೆಲ್ಲನೆ ಮುಟ್ಟಲು ಹೇಳಿ. ಅಲುಗಾಟ ನೋಡುವಾಗ ಫ್ಯಾನು, ಮಿಕ್ಸಿ, ಎಲ್ಇಡಿ ದೀಪ, ಫೋನ್ ಚಾರ್ಜರ್ ಎಲ್ಲವೂ ನಡೆಯುತ್ತಿರಲಿ. ಕರೆಂಟು ಹೋದಾಗ ಇನ್ವರ್ಟರಿಗೆ ಬದಲಾಗುವ ಮನೆಯಾದರೆ ಅದರಲ್ಲಿಯೂ ಒಮ್ಮೆ ನೋಡಿ. ಬೆರಳಿಟ್ಟಾಗಿನ ಅಲುಗಾಟವನ್ನು ನೋಡದೆ ಬಿಡಬೇಡಿ. ಕಳಪೆ ಸಪ್ಲೈಯ ತಂಟೆ ಬೆರಳು ಮುಟ್ಟಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ, ಮುಟ್ಟದಿದ್ದಾಗ ಅಂಕಿ ಶಾಂತವಾಗಿಯೇ ಇರುತ್ತದೆ.

ಮಾದರಿಗೆ, ಹತ್ತು ರೀಡಿಂಗ್ ಕೂಡಿಸಿದಾಗ ಮುಟ್ಟದೆ 600, ಮುಟ್ಟಿದಾಗ 552, ಅಲುಗಾಟ ಮೇಲಿಂದ ಕೆಳಕ್ಕೆ ಒಟ್ಟು 8 ಎಂದುಕೊಳ್ಳೋಣ. ಬೆರಳಿನ ಪಾಲು 48, ಅಂದರೆ ಅಲುಗಾಟದ ಆರರಷ್ಟು. ಟಚ್ ಚಿಪ್ಪುಗಳಿಗೆ ಹೆಸರಾದ, 2020ರಲ್ಲಿ ಇನ್ಫಿನಿಯಾನ್ ತೆಕ್ಕೆಗೆ ಸೇರಿದ ಸೈಪ್ರೆಸ್ ಕಂಪನಿಯ ವಿನ್ಯಾಸ ಕೈಪಿಡಿ ಐದರಷ್ಟಾದರೂ ಇರಬೇಕು ಎನ್ನುತ್ತದೆ. ನಮ್ಮ ಫಲಕ ಪಾಸು. ಐದಕ್ಕಿಂತ ಕಡಿಮೆ ಬಂದಿದ್ದರೆ ಮುಟ್ಟಿದಂತೆ ಎಣಿಸುವ ಗಡಿ ಅಂಕಿ ಹುಡುಕುತ್ತ ಕೂರದೆ, ಮರಳಿ ಅಂಟು, ಬಿಲ್ಲೆ, ಸಪ್ಲೈ ನೋಡಬೇಕು.

ಅದೇ ಕೈಪಿಡಿಯ ಲೆಕ್ಕದಂತೆ ಗಡಿ ಬೆರಳಿನ ಪಾಲಿನ ಶೇ 80, ಅಂದರೆ 38. ಗಡಿಯ ಆಚೀಚೆ ಶೇ 10, ಅಂದರೆ 5. ಹೀಗಾಗಿ ಹತ್ತಿಕೊಳ್ಳುವುದು 43 ದಾಟಿದಾಗ, ಬಿಡುವುದು 33ಕ್ಕಿಂತ ಕೆಳಗಿಳಿದಾಗ. ಎರಡಕ್ಕೂ ಒಂದೇ ಅಂಕಿ ಇಟ್ಟರೆ ಗಡಿಯ ಮೇಲೆ ನಿಂತ ಬೆರಳಿಗೆ ರಿಲೇ ಟಕಟಕ ಎನ್ನುತ್ತದೆ. ಶೇ 40, ಅಂದರೆ 19ಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಅದು ಬೆರಳಲ್ಲ, ಹವೆಯ ಬದಲಾವಣೆ. ಆಗ ಮಾತ್ರ ಮುಟ್ಟದಿದ್ದಾಗಿನ ತಳದ ಅಂಕಿಯನ್ನು ನಿಧಾನವಾಗಿ ತಿದ್ದಿಕೊಳ್ಳಬೇಕು. ಬೆಳಗಿನ ತಂಪಿಗೂ ಒಲೆಯ ಬಿಸಿಗೂ ಫಲಕ ಹೊಂದಿಕೊಳ್ಳುವುದು ಇದರಿಂದಲೇ.

```
const int PAD = 27;
float base;
int n = 0;
bool touched = false;

int readPad() {
  int s = 0;
  for (int i = 0; i < 10; i++) s += touchRead(PAD);
  return s;
}

void setup() {
  Serial.begin(115200);
  delay(1000);
  base = readPad();
}

void loop() {
  int r = readPad();
  float d = base - r;
  n = (d > 43) ? n + 1 : 0;
  if (n >= 3) touched = true;
  if (d < 33) touched = false;
  if (d < 19) base += (r - base) * 0.002;
  Serial.println(d);
  delay(20);
}
```

ಇದು ಒಂದು ಬಟನ್ನಿನ ತಿರುಳು ಮಾತ್ರ. ಸತತ ಮೂರು ಸಲ ಗಡಿ ದಾಟಿದರೆ ಮಾತ್ರ ಮುಟ್ಟಿದಂತೆ ಲೆಕ್ಕ. ಮಿಕ್ಸಿ ಆರಿಸಿದಾಗ ಬರುವ ಒಂದು ಕ್ಷಣದ ಕಿಡಿ ಅದರಿಂದ ಸೋಸಿಹೋಗುತ್ತದೆ. `touched` ಸುಳ್ಳಿನಿಂದ ನಿಜಕ್ಕೆ ತಿರುಗಿದ ಗಳಿಗೆಯಲ್ಲಿ ರಿಲೇಯ ಸ್ಥಿತಿ ಬದಲಿಸಬೇಕು. ಇಲ್ಲಿರುವ 43, 33, 19 ಈ ಮಾದರಿಯ ಅಂಕಿಗಳು. ನಿಮ್ಮ ಗೋಡೆಯಲ್ಲಿ ಅಳೆದದ್ದರಿಂದ ನಿಮ್ಮವನ್ನು ತೆಗೆಯಬೇಕು. ಮೂರು ಬಿಲ್ಲೆಗೂ ಬೇರೆಬೇರೆ ಅಂಕಿ ಬರುವುದು ಸಹಜ, ಏಕೆಂದರೆ ವೈರಿನ ಉದ್ದ ಒಂದೇ ಇರುವುದಿಲ್ಲ.

ನೀರು ಮತ್ತು ಕರೆಂಟು

ಅಡುಗೆಮನೆಯಲ್ಲಿ ಇನ್ನೆರಡು ಸಂಗತಿ ಉಳಿಯುತ್ತವೆ. ಮೊದಲನೆಯದು ನೀರು. ಗಾಜಿನ ಮೇಲೆ ಒಂಟಿಯಾಗಿ ಕುಳಿತ ಹನಿ ಹೆಚ್ಚು ತೊಂದರೆ ಕೊಡದು. ಆದರೆ ಹನಿಗಳು ಕೂಡಿ ಹರಿದು ಲೋಹದ ಅಂಚಿಗೋ ಕೈಗೋ ತಗುಲಿದರೆ ಅದು ಬೆರಳಿನಂತೆಯೇ ಕಾಣುತ್ತದೆ. ಬೋರ್‌ವೆಲ್ ನೀರು ಒಣಗಿ ಉಳಿಸುವ ಉಪ್ಪಿನ ಕಲೆ ತೇವ ಹೀರಿದಾಗಲೂ ಹೀಗೆಯೇ. ಸೂಕ್ಷ್ಮತೆ ತಗ್ಗಿಸಿದರೆ ಇದು ಸರಿಹೋಗುವುದಿಲ್ಲ, ತರ್ಕ ಬರೆಯಬೇಕು. ಬೆರಳು ಒಂದು ಬಟನ್ನನ್ನು ಮುಟ್ಟುತ್ತದೆ, ನೀರೂ ಒರೆಸುವ ಬಟ್ಟೆಯೂ ಒಟ್ಟಿಗೆ ಎರಡು ಮೂರನ್ನು ಮುಟ್ಟುತ್ತವೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬಟನ್ ಏಕಕಾಲಕ್ಕೆ ಎದ್ದರೆ ಎಲ್ಲವನ್ನೂ ತಳ್ಳಿಹಾಕಿ, ಎಲ್ಲ ಶಾಂತವಾದ ಮೇಲೆ ಮತ್ತೆ ಕೇಳು ಎಂದು ಪ್ರೋಗ್ರಾಮಿಗೆ ಹೇಳಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಬಟನ್ ಒತ್ತಿಯೇ ಇದ್ದರೆ ಅದೂ ಬೆರಳಲ್ಲ. ಆಗ ತಳದ ಅಂಕಿಯನ್ನು ಹೊಸದಾಗಿ ತೆಗೆದುಕೊಳ್ಳಲಿ.

ಎರಡನೆಯದು ಕರೆಂಟು ಹೋಗಿ ಬರುವುದು. ಕರೆಂಟು ಬಂದ ಕೂಡಲೇ ಚಿಪ್ ತಳದ ಅಂಕಿ ತೆಗೆದುಕೊಳ್ಳುತ್ತದೆ. ಟಿಟಿಪಿ 223 ಕೂಡ ಮೊದಲ ಅರ್ಧ ಸೆಕೆಂಡು ಬಿಲ್ಲೆಯನ್ನು ಮುಟ್ಟದಿರಲು ಕೇಳುತ್ತದೆ. ಆ ಗಳಿಗೆಯಲ್ಲಿ ಒದ್ದೆ ಬಟ್ಟೆಯೋ ಕೈಯೋ ಗಾಜಿನ ಮೇಲಿದ್ದರೆ ಅದನ್ನೇ ಖಾಲಿ ಎಂದು ತಿಳಿದು, ತೆಗೆದ ಮೇಲೂ ಸ್ವಲ್ಪ ಹೊತ್ತು ಕಿವುಡಾಗುತ್ತದೆ. ಮೇಲಿನ ಪ್ರೋಗ್ರಾಮಿನಲ್ಲಿ ಆಗ `d` ಸೊನ್ನೆಗಿಂತ ಕೆಳಗೆ ಹೋಗುತ್ತದೆ, ತಳದ ಅಂಕಿ ಸುಮಾರು ಅರ್ಧ ನಿಮಿಷದಲ್ಲಿ ತಾನೇ ಸರಿಹೋಗುತ್ತದೆ. ಕರೆಂಟು ಮರಳಿದಾಗ ರಿಲೇಗಳೆಲ್ಲ ಆಫ್ ಆಗಿಯೇ ಇರಲಿ. ಮನೆಯವರು ಊರಿಗೆ ಹೋಗಿರುವಾಗ ಕರೆಂಟು ಹತ್ತು ಸಲ ಹೋಗಿ ಬಂದರೂ ಎಕ್ಸಾಸ್ಟ್ ತಾನಾಗಿ ಓಡಬಾರದು.

ಇಷ್ಟಾದ ಮೇಲೂ ಟಚ್ ಫಲಕಕ್ಕೆ ಮಿತಿಯಿದೆ. ಗಾಜಿನ ಮೇಲೆ ಕೈಯಾಡಿಸಿ ಕತ್ತಲಲ್ಲಿ ಬಟನ್ ಹುಡುಕಲಾಗದು, ಹುಡುಕುವ ಕೈಯೇ ಎಲ್ಲವನ್ನೂ ಒತ್ತಿಬಿಡುತ್ತದೆ. ಕಣ್ಣು ಮಂದವಾದ ಹಿರಿಯರಿರುವ ಮನೆಯಲ್ಲಿ ಬಟನ್ನಿನ ಪಕ್ಕ, ಬಿಲ್ಲೆಯಿಂದಾಚೆ, ಕೈಗೆ ಸಿಗುವ ಉಬ್ಬು ಚುಕ್ಕೆ ಅಂಟಿಸಿ, ಒಂದು ದೀಪಕ್ಕಾದರೂ ಹಳೆಯ ಸ್ವಿಚ್ಚು ಉಳಿಸಿ.

ಫಲಕ ಕೂರಿಸಿದವರಲ್ಲಿ ಒಂದು ಮನವಿ. ಗಾಜಿನ ದಪ್ಪ, ಪ್ರತಿ ಬಟನ್ನಿನ ಮುಟ್ಟದ ಅಂಕಿ, ಮುಟ್ಟಿದ ಅಂಕಿ, ಅಲುಗಾಟ, ತಾರೀಖು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ. ಎರಡು ವರ್ಷ ಕಳೆದು ರಿಪೇರಿಗೆ ಬಂದವರು ಮತ್ತೆ ಅಳೆದು ಹೋಲಿಸಿದರೆ ಕೆಟ್ಟದ್ದು ಯಾವುದೆಂದು ಅಂಕಿಗಳೇ ಹೇಳುತ್ತವೆ. ಮುಟ್ಟಿದಾಗಿನ ವ್ಯತ್ಯಾಸ ಕುಗ್ಗಿದ್ದರೆ ಅಂಟು ಬಿಟ್ಟಿದೆ, ಅಲುಗಾಟ ಹೆಚ್ಚಿದ್ದರೆ ಸಪ್ಲೈ ಹಳತಾಗಿದೆ.